ಜ್ವರ ಬಿಟ್ಟರೂ ಸುಸ್ತು ಬಿಡದು: ಯಾವ ಪರೀಕ್ಷೆ, ಯಾವಾಗ?

ಡೆಂಗಿ ಜ್ವರ ಸಾಮಾನ್ಯವಾಗಿ ಎರಡರಿಂದ ಏಳು ದಿನಗಳಲ್ಲಿ ಬಿಡುತ್ತದೆ. ಪ್ಲೇಟ್‌ಲೆಟ್ ಸಂಖ್ಯೆ ಇನ್ನೊಂದು ವಾರದಲ್ಲಿ ಮೇಲೇರುತ್ತದೆ. ಆಸ್ಪತ್ರೆಯ ಬಿಲ್ ಪಾವತಿಸಿ, ಡಿಸ್ಚಾರ್ಜ್ ಚೀಟಿ ಹಿಡಿದು ಮನೆಗೆ ಬಂದ ರೋಗಿಗೆ ಬಂಧುಗಳು ಹೇಳುವುದು ಒಂದೇ ಮಾತು: ‘ಗಂಡಾಂತರ ಕಳೆಯಿತು, ಇನ್ನೊಂದು ವಾರ ಸುಧಾರಿಸಿಕೊಂಡರೆ ಎಲ್ಲ ಸರಿಹೋಗುತ್ತದೆ’. ಆ ಒಂದು ವಾರ ತಿಂಗಳಾಗುತ್ತದೆ, ತಿಂಗಳು ಎರಡಾಗುತ್ತದೆ. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ, ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಆಗ ಮನೆಯಲ್ಲಿ ಎರಡು ಬಗೆಯ ಅಭಿಪ್ರಾಯಗಳು ಏಳುತ್ತವೆ. ಒಂದು, ಇದೆಲ್ಲ ಮನಸ್ಸಿನ ಭ್ರಮೆ. ಇನ್ನೊಂದು, ಒಳಗೆ ಯಾವುದೋ ದೊಡ್ಡ ಕಾಯಿಲೆ ಅಡಗಿದೆ, ತಲೆಯಿಂದ ಕಾಲಿನವರೆಗೆ ಎಲ್ಲ ಪರೀಕ್ಷೆ ಮಾಡಿಸಿಬಿಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಇವೆರಡೂ ತಪ್ಪು.

2024ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಡೆಂಗಿ ಹಾವಳಿ ಮಿತಿಮೀರಿ, ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಯಿತು. ಜ್ವರ, ಪ್ಲೇಟ್‌ಲೆಟ್, ಸೊಳ್ಳೆಗಳ ಬಗ್ಗೆ ಆಗ ಬೇಕಾದಷ್ಟು ಚರ್ಚೆ ನಡೆಯಿತು. ಜ್ವರ ಬಿಟ್ಟ ಮೇಲಿನ ತಿಂಗಳುಗಳ ಬಗ್ಗೆ ನಡೆದದ್ದು ಕಡಿಮೆ.

ಎಷ್ಟು ದಿನ ಸಹಜ?

ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ಹಳೆಯ, ಆದರೆ ಇಂದಿಗೂ ಬೆಲೆಯುಳ್ಳ ಅಧ್ಯಯನ ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನಲ್ಲಿ ನಡೆದಿದೆ. ಮೂರು ಬೇರೆ ಬೇರೆ ಸೋಂಕುಗಳಿಂದ ಹಾಸಿಗೆ ಹಿಡಿದ 253 ಮಂದಿಯನ್ನು ವೈದ್ಯರು ಕಾಯಿಲೆಯ ಆರಂಭದಿಂದಲೇ ಒಂದು ವರ್ಷ ಹಿಂಬಾಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ವಾರಗಳ ನಂತರವೂ ಕೆಲಸಕ್ಕೆ ಅಡ್ಡಿಯಾಗುವಷ್ಟು ಸುಸ್ತು ಉಳಿದವರು ನೂರಕ್ಕೆ 35 ಮಂದಿ. ಮೂರು ತಿಂಗಳಲ್ಲಿ ಅದು 27ಕ್ಕೆ ಇಳಿಯಿತು, ಆರು ತಿಂಗಳಲ್ಲಿ 12ಕ್ಕೆ, ವರ್ಷದ ಕೊನೆಗೆ 9ಕ್ಕೆ. ಆ ಮೂರರಲ್ಲಿ ಡೆಂಗಿ ಇರಲಿಲ್ಲ. ಆದರೆ ಸಿಂಗಪುರದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೆಂಗಿಯಿಂದ ಚೇತರಿಸಿಕೊಂಡವರ ಪೈಕಿ ಸುಮಾರು ಕಾಲುಭಾಗದವರಿಗೆ ಎರಡು ತಿಂಗಳ ನಂತರವೂ ಗಣನೀಯ ಸುಸ್ತು ಕಂಡುಬಂದಿತ್ತು. ಎರಡೂ ಲೆಕ್ಕಗಳು ಸರಿಸುಮಾರು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

ಡಬ್ಬೊ ಅಧ್ಯಯನದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಯಾರಿಗೆ ಸುಸ್ತು ದೀರ್ಘವಾಗಿ ಉಳಿಯಿತು ಎಂಬುದನ್ನು ನಿರ್ಧರಿಸಿದ್ದು ಅವರ ಸ್ವಭಾವವೋ, ಹಿಂದಿನ ಮಾನಸಿಕ ತೊಂದರೆಯೋ, ಯಾವ ರೋಗಾಣು ಎಂಬುದೋ ಆಗಿರಲಿಲ್ಲ. ಮೊದಲ ದಿನಗಳಲ್ಲಿ ಕಾಯಿಲೆ ಎಷ್ಟು ತೀವ್ರವಾಗಿತ್ತು ಎಂಬುದೇ ಮುಖ್ಯವಾಗಿತ್ತು. ‘ಮನಸ್ಸು ಗಟ್ಟಿ ಮಾಡಿಕೊಳ್ಳದ ಕಾರಣ ಸುಸ್ತು’ ಎನ್ನುವ ಮನೆಯ ಹಿರಿಯರಿಗೆ ಈ ಒಂದು ಅಂಶವನ್ನಾದರೂ ತಿಳಿಸಬೇಕು.

ಜ್ವರ ಬಿಟ್ಟ ಮೇಲೂ ದೇಹದ ರಕ್ಷಣಾ ವ್ಯವಸ್ಥೆ ತಕ್ಷಣ ಶಾಂತವಾಗುವುದಿಲ್ಲ. ಸೋಂಕಿನ ಕಾಲದಲ್ಲಿ ಅದು ಬಿಡುಗಡೆ ಮಾಡುವ ರಾಸಾಯನಿಕಗಳೇ ಮೈಕೈ ನೋವು, ನಿದ್ದೆಯ ಏರುಪೇರು, ಅನಾಸಕ್ತಿಗಳಿಗೆ ಕಾರಣ. ಇದರ ಜೊತೆಗೆ ಹಾಸಿಗೆಯಲ್ಲಿ ಕಳೆದ ದಿನಗಳಲ್ಲಿ ಸ್ನಾಯುಗಳು ಕರಗಿರುತ್ತವೆ. 2007ರ ಒಂದು ಸಣ್ಣ ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರು ಹತ್ತು ದಿನ ಹಾಸಿಗೆಯಲ್ಲೇ ಇದ್ದಾಗ, ಅವರ ಕಾಲುಗಳ ಸ್ನಾಯುವಿನ ತೂಕ ಒಂದು ಕಿಲೋದಷ್ಟು ಕಡಿಮೆಯಾಗಿತ್ತು. ಜ್ವರವಿಲ್ಲದೆಯೇ ಇಷ್ಟಾದರೆ, ಊಟ ಸೇರದೆ ಜ್ವರದಲ್ಲಿ ಬೆಂದವರ ಸ್ಥಿತಿಯನ್ನು ಊಹಿಸಬಹುದು.

ಸಹಜ ಚೇತರಿಕೆಯನ್ನು ಗುರುತಿಸುವುದು ಅದರ ಅವಧಿಯಿಂದಲ್ಲ, ದಿಕ್ಕಿನಿಂದ. ನಿನ್ನೆ ಚೆನ್ನಾಗಿತ್ತು, ಇಂದು ಮತ್ತೆ ಕುಸಿದೆ ಎಂಬುದು ಎಲ್ಲರಿಗೂ ಆಗುವಂಥದ್ದು. ದಿನವನ್ನು ದಿನಕ್ಕೆ ಹೋಲಿಸಿದರೆ ಗೊಂದಲವೇ ಹೆಚ್ಚುತ್ತದೆ. ಹದಿನೈದು ದಿನಗಳನ್ನು ಅದರ ಹಿಂದಿನ ಹದಿನೈದು ದಿನಗಳಿಗೆ ಹೋಲಿಸಬೇಕು. ಆಗ ಎರಡನೇ ಮಹಡಿಗೆ ಹೋಗಲು ಎಷ್ಟು ಕಡೆ ನಿಲ್ಲಬೇಕಾಗಿತ್ತು, ಈಗ ಎಷ್ಟು ಕಡೆ? ಆಗ ಎಷ್ಟು ಗಂಟೆಗೆ ಮಲಗಲೇಬೇಕು ಅನ್ನಿಸುತ್ತಿತ್ತು, ಈಗ ಎಷ್ಟು ಗಂಟೆಗೆ? ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಇಂತಹ ಎರಡು ಸಾಲುಗಳು ವೈದ್ಯರಿಗೆ ಹತ್ತು ಪುಟದ ಲ್ಯಾಬ್ ವರದಿಗಿಂತ ಹೆಚ್ಚು ಹೇಳುವುದುಂಟು. ನಿಧಾನವಾಗಿಯಾದರೂ ಗೆರೆ ಮೇಲಕ್ಕೆ ಹೋಗುತ್ತಿದ್ದು, ಅಪಾಯದ ಲಕ್ಷಣಗಳು ಇಲ್ಲದಿದ್ದರೆ ಮೊದಲ ನಾಲ್ಕರಿಂದ ಆರು ವಾರಗಳಲ್ಲಿ ಸಾಮಾನ್ಯವಾಗಿ ಯಾವ ಪರೀಕ್ಷೆಯ ಅಗತ್ಯವೂ ಇರುವುದಿಲ್ಲ.

ಅಪಾಯದ ಲಕ್ಷಣಗಳು ಕಂಡರೆ ಮಾತ್ರ ಈ ವಾರಗಳ ಲೆಕ್ಕ ಹಿಡಿದು ಕೂರಬಾರದು. ಎದೆನೋವು, ಮಲಗಿದಾಗ ಏದುಸಿರು, ಕಾಲು ಊತ, ತಲೆಸುತ್ತಿ ಬೀಳುವುದು, ಕಪ್ಪು ಮಲ, ಕಣ್ಣು ಹಳದಿಯಾಗುವುದು, ಕೈಕಾಲಿನ ಒಂದು ಭಾಗದಲ್ಲಿ ಬಲ ಕುಂದುವುದು, ಬದುಕೇ ಬೇಡವೆನ್ನಿಸುವುದು ಇವೆಲ್ಲ ಅದೇ ದಿನ ವೈದ್ಯರಿಗೆ ತೋರಿಸಬೇಕಾದವು. ಬಿಟ್ಟ ಜ್ವರ ಮತ್ತೆ ಸಂಜೆ ಹೊತ್ತಿಗೆ ಬರುತ್ತಿದ್ದರೆ, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುತ್ತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಕುತ್ತಿಗೆಯಲ್ಲಿ ಗಂಟು ಕಾಣಿಸಿದರೆ ಅದು ಹಳೆಯ ವೈರಸ್ಸಿನ ಬಾಲ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಮ್ಮ ದೇಶದಲ್ಲಿ ಅಂತಹ ಚಿತ್ರ ಕಂಡಾಗ ಕ್ಷಯವನ್ನು ಮೊದಲು ಹುಡುಕಬೇಕಾಗುತ್ತದೆ.

ಹನ್ನೊಂದು ಕೆಂಪು ಗುರುತುಗಳು

ಪರೀಕ್ಷೆಗಳ ವಿಷಯದಲ್ಲಿ ಎಡವುವುದು ಎಲ್ಲಿ ಎಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗಬಹುದು. ಕೆಳಗಿನದು ವಿವರಣೆಗಾಗಿ ಕಲ್ಪಿಸಿಕೊಂಡ ಪ್ರಕರಣ. ಆದರೆ ಇದರ ಒಂದೊಂದು ತಿರುವೂ ವೈದ್ಯರು ನಿತ್ಯ ಕಾಣುವಂಥದ್ದೇ.

ದಾವಣಗೆರೆಯ 34 ವರ್ಷದ ಬ್ಯಾಂಕ್ ಉದ್ಯೋಗಿ ಎಂದುಕೊಳ್ಳೋಣ. ಎರಡು ಮಕ್ಕಳ ತಾಯಿ. ಜುಲೈ ಕೊನೆಯಲ್ಲಿ ಡೆಂಗಿ, ಆರು ದಿನ ಜ್ವರ, ನಾಲ್ಕು ದಿನ ಆಸ್ಪತ್ರೆ. ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದು, ಹತ್ತನೇ ದಿನಕ್ಕೆ ಒಂದೂವರೆ ಲಕ್ಷ ದಾಟಿತು. ರಜೆ ಮುಗಿದದ್ದರಿಂದ ಹದಿನಾರನೇ ದಿನ ಕೆಲಸಕ್ಕೆ ಹಾಜರು. ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ನಂತರ ಕೌಂಟರಿನಲ್ಲಿ ಕೂರುವುದೇ ಕಷ್ಟವಾಯಿತು. ಸಹೋದ್ಯೋಗಿಯೊಬ್ಬರ ಸಲಹೆಯಂತೆ ಮನೆಗೇ ಬಂದು ರಕ್ತ ತೆಗೆದುಕೊಳ್ಳುವ ಲ್ಯಾಬ್ ಒಂದರ 78 ಪರೀಕ್ಷೆಗಳ ‘ಪ್ಯಾಕೇಜ್’ ಮಾಡಿಸಿಕೊಂಡರು. ಜೊತೆಗೆ ಇನ್ನೂ ಎರಡು ಪರೀಕ್ಷೆಗಳನ್ನು ಸೇರಿಸಲಾಯಿತು. ವರದಿ ಮೊಬೈಲಿಗೆ ಬಂದಾಗ ಅದರಲ್ಲಿ ಹನ್ನೊಂದು ಕೆಂಪು ಗುರುತುಗಳಿದ್ದವು.

ಥೈರಾಯ್ಡ್ ಸೂಚಕವಾದ ಟಿಎಸ್‌ಎಚ್ 7.4. ಯಕೃತ್ತಿನ ಕಿಣ್ವ ಎಎಲ್‌ಟಿ 88. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ 286. ವಿಟಮಿನ್ ಡಿ 13. ಡೆಂಗಿ ಐಜಿಎಂ ಪಾಸಿಟಿವ್. ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಕಾಯಿಲೆಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ 1:40ರಲ್ಲಿ ಪಾಸಿಟಿವ್. ಹಿಮೋಗ್ಲೋಬಿನ್ 11.4. ಕೆಂಪು ರಕ್ತಕಣಗಳ ಗಾತ್ರ ಸ್ವಲ್ಪ ಚಿಕ್ಕದು. ಉಳಿದವು ಚಿಲ್ಲರೆ.

ಈ ವರದಿಯನ್ನು ನೋಡಿದ ಪರಿಚಿತರೊಬ್ಬರು ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಜೀವನಪರ್ಯಂತ ನುಂಗಬೇಕೆಂದರು. ಇನ್ನೊಬ್ಬರು ಡೆಂಗಿ ಇನ್ನೂ ರಕ್ತದಲ್ಲೇ ಇದೆ ಎಂದರು. ಅಂತರ್ಜಾಲದಲ್ಲಿ ಎಎನ್‌ಎ ಎಂದು ಹುಡುಕಿದ ಪತಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಸಮಾಧಾನವಿತ್ತು: ಕಬ್ಬಿಣಾಂಶ ಬೇಕಾದಷ್ಟಿದೆ. ತಪ್ಪಾದದ್ದು ಮುಖ್ಯವಾಗಿ ಅಲ್ಲಿಯೇ.

ಮೊದಲು ಸಂಖ್ಯೆಗಳ ಮಾತು. ಲ್ಯಾಬ್ ವರದಿಯಲ್ಲಿ ‘ಸಾಮಾನ್ಯ ಮಿತಿ’ ಎಂದು ಮುದ್ರಿಸುವುದು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೊಳ್ಳುವಂತೆ ಹಾಕಿದ ಗೆರೆ. ಅಂದರೆ ಪೂರ್ತಿ ಆರೋಗ್ಯವಂತರಲ್ಲೂ ಪ್ರತಿ ಪರೀಕ್ಷೆಯಲ್ಲಿ ಇಪ್ಪತ್ತರಲ್ಲಿ ಒಬ್ಬರು ಗೆರೆಯ ಆಚೆ ಇರುತ್ತಾರೆ. ಈ ಲೆಕ್ಕದಲ್ಲಿ 78 ಪರೀಕ್ಷೆ ಮಾಡಿಸಿಕೊಂಡ ಆರೋಗ್ಯವಂತನಿಗೂ ಸರಾಸರಿ ನಾಲ್ಕು ಕೆಂಪು ಗುರುತು ಸಿಗಬೇಕು. ಸಿಗದಿದ್ದರೇ ಆಶ್ಚರ್ಯ. ಎಎನ್‌ಎ 1:40 ಅಂತೂ ಆರೋಗ್ಯವಂತರಲ್ಲೇ ನೂರರಲ್ಲಿ ಸುಮಾರು 30 ಮಂದಿಗೆ ಪಾಸಿಟಿವ್ ಬರುವಂಥದ್ದು. ಕೀಲುಗಳ ಊತ, ಚರ್ಮದ ದದ್ದು, ಬಾಯಿಹುಣ್ಣಿನಂತಹ ಲಕ್ಷಣಗಳಿಲ್ಲದೆ ಅದನ್ನು ಮಾಡಿಸುವುದೇ ಅನಗತ್ಯ.

ಡೆಂಗಿ ಐಜಿಎಂ ವಿಷಯವೂ ಹಾಗೆಯೇ. ಅದು ವೈರಸ್ ಅಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ. ಕಾಯಿಲೆಯ ನಂತರ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದು ಅದರ ಧರ್ಮ. ಅದನ್ನು ಮತ್ತೆ ಪರೀಕ್ಷಿಸುವುದರಿಂದ ಗೊತ್ತಾಗುವುದು, ಮೊದಲೇ ಗೊತ್ತಿದ್ದ ಸಂಗತಿ ಮಾತ್ರ. ಗುಣವಾದ ಮೇಲೂ ವಾರಕ್ಕೊಮ್ಮೆ ಪ್ಲೇಟ್‌ಲೆಟ್ ಎಣಿಸುವುದೂ ಇದೇ ಜಾತಿಗೆ ಸೇರಿದ್ದು. ಸಹಜ ಮಟ್ಟಕ್ಕೆ ಬಂದ ಪ್ಲೇಟ್‌ಲೆಟ್‌ಗೂ ಸುಸ್ತಿಗೂ ಸಂಬಂಧವಿಲ್ಲ. ಪಪ್ಪಾಯಿ ಎಲೆಯ ರಸವನ್ನು ತಿಂಗಳುಗಟ್ಟಲೆ ಮುಂದುವರಿಸಿದವರಿಗೆ ಲಾಭವಾಗಿದ್ದರೆ ಅದು ಕಹಿ ಸಹಿಸುವ ಅಭ್ಯಾಸ ಮಾತ್ರ.

ಅವಸರದ ಪರೀಕ್ಷೆ ಹೇಳುವ ಸುಳ್ಳು

ಟಿಎಸ್‌ಎಚ್ ಏಕೆ ಏರಿತ್ತು? ತೀವ್ರ ಕಾಯಿಲೆಯ ದಿನಗಳಲ್ಲಿ ದೇಹ ಥೈರಾಯ್ಡ್ ವ್ಯವಸ್ಥೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಕಡಿಮೆಯಿರುವಾಗ ಮನೆಯಲ್ಲಿ ಬೇಡದ ದೀಪಗಳನ್ನು ಆರಿಸಿದಂತೆ. ಚೇತರಿಕೆಯ ಹಂತದಲ್ಲಿ ಮತ್ತೆ ಅದನ್ನು ಚಾಲೂ ಮಾಡಲು ಮೆದುಳಿನ ಪಿಟ್ಯುಟರಿ ಗ್ರಂಥಿ ಹೆಚ್ಚು ಟಿಎಸ್‌ಎಚ್ ಸುರಿಸುತ್ತದೆ. ಆ ಕೆಲವು ವಾರಗಳಲ್ಲಿ ಅದು ಸಾಮಾನ್ಯ ಮಿತಿಯಾದ ಸುಮಾರು 4.5ನ್ನು ದಾಟಿ, ಕೆಲವೊಮ್ಮೆ 20ರ ಹತ್ತಿರಕ್ಕೂ ಹೋಗಿ, ತಾನಾಗಿ ಇಳಿಯುತ್ತದೆ. ಆ ಸಮಯದಲ್ಲಿ ರಕ್ತ ಕೊಟ್ಟವರಿಗೆ ಥೈರಾಯ್ಡ್ ಕಾಯಿಲೆ ಇದ್ದಂತೆ ಕಾಣುತ್ತದೆ. ಮಾತ್ರೆ ಶುರುವಾದರೆ ಮುಂದೆ ಟಿಎಸ್‌ಎಚ್ ಸರಿಯಾಗುತ್ತದೆ, ಮಾತ್ರೆಯಿಂದಲೇ ಸರಿಯಾಯಿತೆಂದು ಎಲ್ಲರೂ ನಂಬುತ್ತಾರೆ, ಅದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಕಾಯಿಲೆ ಕಳೆದು ಆರು ವಾರಗಳಾದ ಮೇಲೆ ಪರೀಕ್ಷಿಸಿ, ಆಗಲೂ ಹೆಚ್ಚಿದ್ದರೆ ಫ್ರೀ ಟಿ4 ಮತ್ತು ಥೈರಾಯ್ಡ್ ಪ್ರತಿಕಾಯಗಳನ್ನು ನೋಡಿ ತೀರ್ಮಾನಿಸುವುದು ಸರಿಯಾದ ಕ್ರಮ. ಮೊದಲಿನಿಂದಲೂ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಮಾತ್ರ ಇದನ್ನು ಓದಿ ಅದನ್ನು ನಿಲ್ಲಿಸಬಾರದು.

ಫೆರಿಟಿನ್ ಕಥೆ ಇದಕ್ಕೆ ತಿರುಗುಮುರುಗು. ಟಿಎಸ್‌ಎಚ್ ಇಲ್ಲದ ಕಾಯಿಲೆಯನ್ನು ತೋರಿಸಿದರೆ, ಫೆರಿಟಿನ್ ಇರುವ ಕೊರತೆಯನ್ನು ಮುಚ್ಚಿಹಾಕುತ್ತದೆ. ಸೋಂಕು ಅಥವಾ ಉರಿಯೂತವಿದ್ದಾಗ ಕಬ್ಬಿಣದ ದಾಸ್ತಾನು ಎಷ್ಟೇ ಇರಲಿ, ರಕ್ತದಲ್ಲಿ ಫೆರಿಟಿನ್ ಮಾತ್ರ ಏರುತ್ತದೆ. ಡೆಂಗಿಯಲ್ಲಿ ಅದು ಸಾವಿರಗಳಿಗೆ ಹೋಗುವುದೂ ಉಂಟು. ಇಳಿಯಲು ವಾರಗಳು ಬೇಕು. ಈ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಎರಡು ಗೆರೆಗಳನ್ನು ಹಾಕಿದೆ: ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆಯಿದ್ದರೆ ಕೊರತೆ, ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆಯಿದ್ದರೂ ಕೊರತೆ. ಮೂರನೇ ವಾರದ 286 ಎಂಬ ಸಂಖ್ಯೆ ಕಬ್ಬಿಣದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಡೆಂಗಿಯ ಬಗ್ಗೆ ಹೇಳುತ್ತಿತ್ತು. ಎಎಲ್‌ಟಿ 88 ಎಂಬುದೂ ಅದೇ ಡೆಂಗಿಯ ಉಳಿಕೆ.

ಡೆಂಗಿಯಲ್ಲಿ ಇನ್ನೊಂದು ಮೋಸವಿದೆ. ಆಸ್ಪತ್ರೆಯಲ್ಲಿದ್ದಾಗ ಈ ಮಹಿಳೆಯ ಹಿಮೋಗ್ಲೋಬಿನ್ 13.1 ಎಂದು ದಾಖಲಾಗಿತ್ತು. ರಕ್ತಹೀನತೆ ಇಲ್ಲವೆಂದು ಎಲ್ಲರೂ ಭಾವಿಸಿದ್ದರು. ಆದರೆ ಡೆಂಗಿಯ ಗಂಡಾಂತರದ ಹಂತದಲ್ಲಿ ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರಿ, ಉಳಿದ ರಕ್ತ ಮಂದವಾಗುತ್ತದೆ. ಸಾರು ಕುದಿದು ಇಂಗಿದಾಗ ಉಪ್ಪು ಹೆಚ್ಚಾದಂತೆ ಹಿಮೋಗ್ಲೋಬಿನ್ ಹೆಚ್ಚಾಗಿ ಕಾಣುತ್ತದೆ. ನೀರಿನಂಶ ಮರಳಿದ ಮೇಲೆ ಕಾಣಿಸಿದ 11.4 ಅವರ ನಿಜವಾದ ಸ್ಥಿತಿಗೆ ಹತ್ತಿರದ್ದು.

ವೈದ್ಯರು ಕೇಳಿದ್ದು

ಐದನೇ ವಾರದಲ್ಲಿ ಅವರು ಮನೆಯ ಹಳೆಯ ವೈದ್ಯರ ಬಳಿಗೆ ಹೋದರು ಎಂದಿಟ್ಟುಕೊಳ್ಳೋಣ. ವೈದ್ಯರು ವರದಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಮಾತಿಗೆ ಕೂತರು.

‘ಮುಟ್ಟು ಎಷ್ಟು ದಿನ ಹೋಗುತ್ತೆ ತಾಯಿ?’

‘ಆರೇಳು ದಿನ ಡಾಕ್ಟ್ರೇ. ಎರಡನೇ ಮಗು ಆದಮೇಲಿಂದ ಸ್ವಲ್ಪ ಜಾಸ್ತಿನೇ.’

‘ಊಟ ಆದಕೂಡಲೇ ಕಾಫಿ ಕುಡಿಯೋದಿದೆಯಾ?’

ಇತ್ತು, ದಿನಕ್ಕೆ ಎರಡು ಬಾರಿ. ವೈದ್ಯರು ಇನ್ನೂ ಕೆಲವು ಪ್ರಶ್ನೆ ಕೇಳಿದರು. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದುಂಟೆ? ಇಲ್ಲ. ಜ್ವರಕ್ಕೆ ಕೊಟ್ಟ ಯಾವುದಾದರೂ ಮಾತ್ರೆ ಮುಂದುವರಿದಿದೆಯೆ? ಇಲ್ಲ. ಕೆಲಸ ಮಾಡಲು ಇಷ್ಟವೇ ಇಲ್ಲವೊ, ಇಷ್ಟವಿದ್ದೂ ಮೈ ಬರುತ್ತಿಲ್ಲವೊ? ಈ ಕೊನೆಯ ಪ್ರಶ್ನೆ ಮುಖ್ಯವಾದದ್ದು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಮೊದಲು ಬತ್ತುವುದು ಆಸೆ. ವೈರಸ್ ನಂತರದ ಸುಸ್ತಿನಲ್ಲಿ ಆಸೆ ಇರುತ್ತದೆ, ಮೈ ಸಹಕರಿಸುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಸಾಧ್ಯ, ಹಾಗಿದ್ದರೆ ಎರಡಕ್ಕೂ ಚಿಕಿತ್ಸೆ ಬೇಕು.

ನಂತರ ಖರ್ಚಿಲ್ಲದ ಒಂದು ಪರೀಕ್ಷೆ. ಹತ್ತು ನಿಮಿಷ ಮಲಗಿಸಿ ನಾಡಿ ಮತ್ತು ರಕ್ತದೊತ್ತಡ ನೋಡುವುದು, ಆಮೇಲೆ ಹತ್ತು ನಿಮಿಷ ನಿಲ್ಲಿಸಿ ನಿಮಿಷಕ್ಕೊಮ್ಮೆ ಮತ್ತೆ ನೋಡುವುದು. ನಿಂತಾಗ ರಕ್ತದೊತ್ತಡ ಇಳಿಯದೆಯೇ ನಾಡಿ 30 ಅಥವಾ ಅದಕ್ಕಿಂತ ಹೆಚ್ಚು ಬಡಿತ ಏರಿ ಅಲ್ಲೇ ನಿಂತರೆ, ನಿಂತ ಭಂಗಿಯನ್ನು ದೇಹ ನಿಭಾಯಿಸುತ್ತಿಲ್ಲವೆಂದು ಅರ್ಥ. ವೈರಸ್ ಕಾಯಿಲೆಗಳ ನಂತರ, ಅದರಲ್ಲೂ ಕೋವಿಡ್ ನಂತರ, ಇದು ಹಲವರಲ್ಲಿ ಕಂಡುಬಂದಿದೆ. ದೋಸೆ ಹುಯ್ಯುತ್ತಾ ನಿಂತಾಗ ಎದೆ ಹೊಡೆದುಕೊಳ್ಳುತ್ತದೆ, ಕೂತರೆ ಸರಿಹೋಗುತ್ತದೆ ಎನ್ನುವವರಲ್ಲಿ ಇದನ್ನು ನೋಡಲೇಬೇಕು. ಮನೆಯಲ್ಲಿ ಮಾಡುವುದಾದರೆ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು, ತಲೆಸುತ್ತಿದರೆ ನಿಲ್ಲಿಸಬೇಕು. ಈ ಮಹಿಳೆಯ ನಾಡಿ 74ರಿಂದ 90ಕ್ಕೆ ಏರಿತು. ಅದು ಸಹಜ.

ಹೆಚ್ಚು ಮುಟ್ಟು, ಚಿಕ್ಕ ರಕ್ತಕಣ, 11.4 ಹಿಮೋಗ್ಲೋಬಿನ್ ಈ ಮೂರನ್ನೂ ಕೂಡಿಸಿ ವೈದ್ಯರು ಕಬ್ಬಿಣದ ಕೊರತೆಯನ್ನು ಆಗಲೇ ಅನುಮಾನಿಸಿದ್ದರು. ಥೈರಾಯ್ಡ್ ಮಾತ್ರೆ ಬೇಡವೆಂದು, ಎಂಟನೇ ವಾರದಲ್ಲಿ ಚಿಕ್ಕದೊಂದು ಪಟ್ಟಿಯ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು.

ಆ ಪಟ್ಟಿಯಲ್ಲಿ ಏನಿರಬೇಕು ಎಂಬುದರ ಬಗ್ಗೆ ವೈದ್ಯಲೋಕದಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಪೂರ್ಣ ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ, ಸಕ್ಕರೆ, ಟಿಎಸ್‌ಎಚ್, ಫೆರಿಟಿನ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಕ್ಯಾಲ್ಸಿಯಂ, ಮೂತ್ರದ ಸರಳ ಪರೀಕ್ಷೆ. ಸಸ್ಯಾಹಾರಿಗಳಿಗೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಿಗೆ, ವರ್ಷಗಟ್ಟಲೆ ಅಸಿಡಿಟಿ ಮಾತ್ರೆ ಸೇವಿಸುವವರಿಗೆ ವಿಟಮಿನ್ ಬಿ12 ಸೇರಿಸಬೇಕು. ಗರ್ಭ ಧರಿಸುವ ಸಾಧ್ಯತೆಯಿದ್ದರೆ ಅದರ ಪರೀಕ್ಷೆಯೂ ಬೇಕು, ಅನೇಕರು ಮರೆಯುವುದು ಇದನ್ನೇ. ನೆದರ್ಲೆಂಡ್ಸ್‌ನ ಕುಟುಂಬ ವೈದ್ಯರ ಬಳಿ ಕಾರಣ ತಿಳಿಯದ ಸುಸ್ತಿನೊಂದಿಗೆ ಬಂದವರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವಂತೂ ಇದಕ್ಕಿಂತ ಮುಂದೆ ಹೋಯಿತು. ಹಿಮೋಗ್ಲೋಬಿನ್, ಇಎಸ್‌ಆರ್, ಸಕ್ಕರೆ, ಟಿಎಸ್‌ಎಚ್ ಎಂಬ ನಾಲ್ಕೇ ಪರೀಕ್ಷೆಗಳು ದೊಡ್ಡ ಪಟ್ಟಿಯಷ್ಟೇ ಕೆಲಸ ಮಾಡುತ್ತವೆ, ಪಟ್ಟಿ ಬೆಳೆದಂತೆ ಬೆಳೆಯುವುದು ಸುಳ್ಳು ಎಚ್ಚರಿಕೆಗಳು ಎಂಬುದು ಅದರ ಸಾರಾಂಶ. ವಿಟಮಿನ್ ಡಿ ನಗರವಾಸಿ ಭಾರತೀಯರಲ್ಲಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಕಡಿಮೆಯಿದ್ದರೆ ಸರಿಪಡಿಸಲಿ, ಆದರೆ ಸುಸ್ತಿನ ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು. ಇಡೀ ದೇಹದ ಸ್ಕ್ಯಾನ್, ಕ್ಯಾನ್ಸರ್ ಮಾರ್ಕರ್‌ಗಳು, ಜ್ವರವೇ ಇಲ್ಲದವರಿಗೆ ವಿಡಾಲ್ ಪರೀಕ್ಷೆ ಇವುಗಳಿಗೆ ಇಲ್ಲಿ ಸ್ಥಾನವಿಲ್ಲ.

ಎಂಟನೇ ವಾರದ ವರದಿ ಬಂದಾಗ ಟಿಎಸ್‌ಎಚ್ ಯಾವ ಮಾತ್ರೆಯೂ ಇಲ್ಲದೆ 3.2ಕ್ಕೆ ಇಳಿದಿತ್ತು. ಎಎಲ್‌ಟಿ 27. ಸಿಆರ್‌ಪಿ ಸಹಜ. ಬರಿಹೊಟ್ಟೆಯ ಸಕ್ಕರೆ 92. ಹಿಮೋಗ್ಲೋಬಿನ್ 11.0. ಫೆರಿಟಿನ್ 9. ಐದು ವಾರಗಳ ಹಿಂದೆ ‘ಬೇಕಾದಷ್ಟಿದೆ’ ಎಂದುಕೊಂಡಿದ್ದ ಕಬ್ಬಿಣದ ಕಣಜ ವಾಸ್ತವವಾಗಿ ಬರಿದಾಗಿತ್ತು. ಅದು ಡೆಂಗಿಯಿಂದ ಆದದ್ದಲ್ಲ, ವರ್ಷಗಳಿಂದ ಇದ್ದದ್ದು. ಡೆಂಗಿ ಬರುವವರೆಗೆ ದೇಹ ಹೇಗೋ ನಿಭಾಯಿಸಿತ್ತು, ಚೇತರಿಕೆಯ ಹೆಚ್ಚುವರಿ ಹೊರೆ ಬಿದ್ದಾಗ ಕೈಚೆಲ್ಲಿತು. ರಕ್ತಕಣ ಚಿಕ್ಕದಿದ್ದೂ ಫೆರಿಟಿನ್ ಸಹಜವಾಗಿ ಬಂದಿದ್ದರೆ ತಲಸ್ಸೇಮಿಯಾ ವಾಹಕರೇ ಎಂದು ನೋಡಬೇಕಾಗುತ್ತಿತ್ತು.

ಕಬ್ಬಿಣದ ಮಾತ್ರೆ ದಿನಕ್ಕೊಂದು ಸಾಕು. ಎರಡು ಮೂರು ನುಂಗಿದರೆ ಹೊಟ್ಟೆ ಕೆಡುತ್ತದೆಯೇ ವಿನಾ ಹೀರಿಕೆ ಅಷ್ಟಾಗಿ ಹೆಚ್ಚುವುದಿಲ್ಲ. ಹೊಟ್ಟೆಗೆ ಒಗ್ಗದವರಿಗೆ ವೈದ್ಯರು ದಿನ ಬಿಟ್ಟು ದಿನ ಕೊಡುವುದೂ ಇದೆ. ಕಾಫಿ, ಟೀ ಕಬ್ಬಿಣದ ಹೀರಿಕೆಯನ್ನು ತಡೆಯುವುದರಿಂದ ಮಾತ್ರೆಗೂ ಅವಕ್ಕೂ ನಡುವೆ ಒಂದೆರಡು ಗಂಟೆ ಅಂತರ ಬೇಕು, ನಿಂಬೆರಸ ಜೊತೆಗಿದ್ದರೆ ಒಳ್ಳೆಯದು. ಮಲ ಕಪ್ಪಗಾಗುವುದು ಮಾತ್ರೆಯಿಂದ, ಹೆದರಬೇಕಿಲ್ಲ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ಕಣಜ ತುಂಬುತ್ತದೆ. ಪುರುಷರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಫೆರಿಟಿನ್ ಹೀಗೆ ಪಾತಾಳಕ್ಕಿಳಿದಿದ್ದರೆ ಮಾತ್ರೆ ಕೊಟ್ಟು ಸುಮ್ಮನಿರುವಂತಿಲ್ಲ, ಹೊಟ್ಟೆ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕು. ಈ ಮಹಿಳೆಗೆ ಸ್ತ್ರೀರೋಗ ತಜ್ಞರನ್ನು ಕಾಣುವಂತೆ ಸೂಚಿಸಲಾಯಿತು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಚಿಕ್ಕ ಫೈಬ್ರಾಯ್ಡ್ ಪತ್ತೆಯಾಯಿತು.

ಭಾನುವಾರದ ಸಾಲ

ಹದಿನಾಲ್ಕನೇ ವಾರಕ್ಕೆ ಹಿಮೋಗ್ಲೋಬಿನ್ 12.4 ಆಯಿತು, ಮೆಟ್ಟಿಲುಗಳು ಹಗುರವಾದವು. ಆದರೂ ಕ್ಯಾಲೆಂಡರಿನ ಸಾಲುಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಪ್ರತಿ ಮಂಗಳವಾರ ಅವರು ಕುಸಿಯುತ್ತಿದ್ದರು. ಕಾರಣ ಮಂಗಳವಾರದಲ್ಲಿ ಇರಲಿಲ್ಲ, ಭಾನುವಾರದಲ್ಲಿತ್ತು. ರಜೆಯ ದಿನ ಮೈ ಹಗುರವೆನ್ನಿಸಿದ್ದರಿಂದ ವಾರದ ಬಟ್ಟೆ, ಮನೆ ಒರೆಸುವುದು, ಇಡ್ಲಿಗೆ ರುಬ್ಬುವುದು ಎಲ್ಲವನ್ನೂ ಒಂದೇ ದಿನ ಮುಗಿಸುತ್ತಿದ್ದರು.

ಶ್ರಮದ ನಂತರ 12ರಿಂದ 48 ಗಂಟೆ ತಡವಾಗಿ ಬಂದು, ಒಂದೆರಡು ದಿನ ಅಥವಾ ಅದಕ್ಕಿಂತ ಹೆಚ್ಚು ಹಿಂಡುವ ಈ ಕುಸಿತ ಸಾಧಾರಣ ದಣಿವಲ್ಲ. ಸಾಧಾರಣ ದಣಿವು ಒಂದು ರಾತ್ರಿಯ ನಿದ್ದೆಗೆ ಕರಗುತ್ತದೆ. ಇದನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ದಿನಚರಿಯೇ ಪರೀಕ್ಷೆ. ಇದು ಗೊತ್ತಾಗುವುದು ಮುಖ್ಯ, ಏಕೆಂದರೆ ಸಲಹೆ ಇಲ್ಲಿ ತಲೆಕೆಳಗಾಗುತ್ತದೆ. ಹಾಸಿಗೆಯಲ್ಲಿ ಕಳೆದುಕೊಂಡ ಸ್ನಾಯುವಿನಿಂದ ಮಾತ್ರ ಸುಸ್ತಾದವರು ದಿನದಿನಕ್ಕೆ ನಡಿಗೆ ಹೆಚ್ಚಿಸಿಕೊಂಡರೆ ಬೇಗ ಸುಧಾರಿಸುತ್ತಾರೆ. ತಡವಾಗಿ ಕುಸಿಯುವವರು ಹಾಗೆ ಹಟ ಹಿಡಿದು ಹೆಚ್ಚಿಸಿದರೆ ಇನ್ನಷ್ಟು ಕೆಳಗೆ ಹೋಗುತ್ತಾರೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, ದೀರ್ಘಕಾಲದ ಬಳಲಿಕೆಯ ಕಾಯಿಲೆಗೆ ಹಿಂದೆ ಶಿಫಾರಸು ಮಾಡಿದ್ದ ‘ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮ’ವನ್ನು 2021ರಲ್ಲಿ ಕೈಬಿಟ್ಟದ್ದು ಇದೇ ಕಾರಣಕ್ಕೆ. ಈ ಲಕ್ಷಣ, ನಿದ್ದೆ ಮಾಡಿದರೂ ಹೋಗದ ಆಯಾಸ, ಮಂಕಾದ ನೆನಪು ಇವೆಲ್ಲ ಸೇರಿ ಮೂರು ತಿಂಗಳು ಮುಂದುವರಿದು, ಬೇರೆ ಕಾರಣ ಸಿಗದಿದ್ದರೆ ಆ ಕಾಯಿಲೆಯೆಂದು ನಿರ್ಧರಿಸಬಹುದೆಂಬುದು ಅದೇ ಮಾರ್ಗಸೂಚಿಯ ಮಾತು. ಆರು ತಿಂಗಳು ಕಾಯಬೇಕೆನ್ನುವ ಅಮೆರಿಕದ ಮಾನದಂಡವೂ ಬಳಕೆಯಲ್ಲಿದೆ. ಅಷ್ಟು ದೂರ ಹೋಗುವವರು ಕೆಲವರು ಮಾತ್ರ ಎಂಬುದನ್ನು ಡಬ್ಬೊ ಲೆಕ್ಕ ತೋರಿಸಿದೆ.

ವೈದ್ಯರು ಈ ಮಹಿಳೆಗೆ ಹೇಳಿದ್ದು ಇಷ್ಟೇ: ಚೆನ್ನಾಗಿರುವ ದಿನ ಎಷ್ಟು ಮಾಡಬಹುದೋ ಅಷ್ಟು ಮಾಡಬೇಡಿ, ಕೆಟ್ಟ ದಿನವೂ ಎಷ್ಟು ಸಾಧ್ಯವೋ ಅಷ್ಟನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಬಟ್ಟೆ ಬುಧವಾರಕ್ಕೆ ಹೋಯಿತು, ಮನೆ ಒರೆಸುವುದು ಪತಿಯ ಪಾಲಿಗೆ ಬಂತು, ಬ್ಯಾಂಕಿನಲ್ಲಿ ಊಟದ ನಂತರ ಇಪ್ಪತ್ತು ನಿಮಿಷ ಕಣ್ಣುಮುಚ್ಚಿ ಒರಗಲು ಅನುಮತಿ ಸಿಕ್ಕಿತು. ಎರಡು ವಾರ ಕುಸಿತವಿಲ್ಲದೆ ಕಳೆದರೆ ಮಾತ್ರ ಸ್ವಲ್ಪ ಹೆಚ್ಚಿಸುವುದು, ಕುಸಿತ ಬಂದರೆ ಹಿಂದಿನ ಅಳತೆಗೆ ಮರಳುವುದು. ಡಿಸೆಂಬರ್ ಕೊನೆಯಲ್ಲಿ ಮೂರು ಮಂಗಳವಾರಗಳು ಕ್ಯಾಲೆಂಡರಿನಲ್ಲಿ ಯಾವ ಗುರುತೂ ಇಲ್ಲದೆ ಕಳೆದವು. ಕಬ್ಬಿಣದ ಮಾತ್ರೆ ಇನ್ನೂ ಎರಡು ತಿಂಗಳು ಬಾಕಿಯಿತ್ತು. ಆಗಸ್ಟಿನಲ್ಲಿ ಕೊಂಡಿದ್ದ ಥೈರಾಯ್ಡ್ ಮಾತ್ರೆಯ ಶೀಟು ಒಡೆಯದೆಯೇ ಔಷಧಿ ಅಂಗಡಿಗೆ ವಾಪಸಾಯಿತು.